ಅಂಗಡಿ ಕಾಸರಗೋಡಿನಲ್ಲಿ, ಜಗಳ ಬೆಂಗಳೂರಿನಲ್ಲಿ: ಒಂದು ಬಾಡಿಗೆ ಕರಾರಿನ ಕಥೆ

2021ರ ಮಳೆಗಾಲದಲ್ಲಿ ಒಬ್ಬರು ವಿದ್ಯಾನಗರದ ನನ್ನ ಆಫೀಸಿಗೆ ಬಂದರು. ಕಾಸರಗೋಡು ಪೇಟೆಯಲ್ಲಿ ಅವರದು ಮಿಕ್ಸಿ, ಗ್ರೈಂಡರ್, ಕುಕ್ಕರ್ ರಿಪೇರಿ ಅಂಗಡಿ. ಪ್ಲಾಸ್ಟಿಕ್ ತೊಟ್ಟೆಯೊಳಗೆ ಎರಡು ಕಾಗದ ಇದ್ದವು. ಒಂದು ಲಾಯರ್ ನೋಟಿಸ್, ಇನ್ನೊಂದು ಬೆಂಗಳೂರಿನ ಒಬ್ಬ ಆಡಿಟರ್ ಕಳಿಸಿದ್ದು. ಅದರಲ್ಲಿ "ನನ್ನನ್ನು ಈ ವಿವಾದದ ಆರ್ಬಿಟ್ರೇಟರ್ ಆಗಿ ನೇಮಿಸಲಾಗಿದೆ, ಇಂಥ ದಿನ ಬೆಳಗ್ಗೆ 11ಕ್ಕೆ ಜಯನಗರದ ನನ್ನ ಕಚೇರಿಗೆ ಬನ್ನಿ" ಅಂತ ಇತ್ತು. ಆರ್ಬಿಟ್ರೇಟರ್ ಅಂದರೆ ಕೋರ್ಟಿನ ಬದಲು ವಿವಾದ ತೀರ್ಮಾನಿಸುವ ಖಾಸಗಿ ಮಧ್ಯಸ್ಥ. ಆ ವ್ಯವಸ್ಥೆಯೇ ಆರ್ಬಿಟ್ರೇಶನ್.

"ಸರ್, ನನ್ನ ಅಂಗಡಿ ಇಲ್ಲಿ ಇರುವುದಲ್ವಾ? ಜಯನಗರಕ್ಕೆ ನಾನು ಯಾಕೆ ಹೋಗ್ಬೇಕು?" ಅಂತ ಕೇಳಿದರು.

ಪ್ರಶ್ನೆ ಸರಳ. ಉತ್ತರ ಮುಗಿಯಲು ಮೂರು ವರ್ಷ ಹಿಡಿಯಿತು. ಒಂದೇ ಕರಾರಿನ ಒಂದೇ ಷರತ್ತು ಮೊದಲು ಮಾಲೀಕರಿಗೆ ಕೈಕೊಟ್ಟಿತು, ಆಮೇಲೆ ನನ್ನ ಕಕ್ಷಿದಾರರಿಗೇ ತಿರುಗಿ ಬಡಿಯಿತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಆ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರಾರು ಬಂದ ದಾರಿ

ಕಟ್ಟಡ ಮೊದಲು ಊರಿನ ಒಬ್ಬ ಹಿರಿಯರದು. ಅವರ ಕಾಲದಲ್ಲಿ ಬಾಡಿಗೆ ಅಂದರೆ ಬಾಯಿಮಾತು, ಒಂದು ರಸೀದಿ ಪುಸ್ತಕ, ಅಷ್ಟೇ. ಆಮೇಲೆ ಅವರು ಅದನ್ನು ಮಗನಿಗೆ ದಾನಪತ್ರ ಮಾಡಿ ಕೊಟ್ಟರು. ಮಗ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದವನು, ಎಲ್ಲವೂ ಬರಹದಲ್ಲಿ ಇರಬೇಕು ಅನ್ನುವವನು. ಅದು ತಪ್ಪಲ್ಲ. 2018ರಲ್ಲಿ ತನ್ನ ಗೆಳೆಯನ ಆಫೀಸಿನ ಬಾಡಿಗೆ ಕರಾರನ್ನು ತರಿಸಿಕೊಂಡು, ಹೆಸರು ಮತ್ತು ಮೊತ್ತ ಬದಲಿಸಿ, ಕರ್ನಾಟಕದ ಇ-ಸ್ಟಾಂಪ್ ಮೇಲೆ ಪ್ರಿಂಟ್ ತೆಗೆದು ಊರಿಗೆ ತಂದ. ಮೂರು ವರ್ಷದ ಅವಧಿ, ತಿಂಗಳಿಗೆ 18,000 ಬಾಡಿಗೆ, 3 ಲಕ್ಷ ಡೆಪಾಸಿಟ್. ಹದಿನಾಲ್ಕು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ಸಹಿ ಆದದ್ದು ಅಂಗಡಿಯ ಕೌಂಟರಿನ ಮೇಲೆ, ಕುಕ್ಕರ್ ಗ್ಯಾಸ್ಕೆಟ್‌ಗಳನ್ನು ಒಂದು ಬದಿಗೆ ಸರಿಸಿ. ರಿಜಿಸ್ಟ್ರಿ ಆಗಲಿಲ್ಲ.

ನಮ್ಮ ಬಾಡಿಗೆದಾರರು ಓದಿದ್ದು ಬಾಡಿಗೆ ಮತ್ತು ಡೆಪಾಸಿಟ್ ಇದ್ದ ಪುಟ ಮಾತ್ರ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವರು. ಇಲ್ಲಿನ ಕನ್ನಡಿಗರಿಗೆ ಇದು ದಿನದ ಪಾಡು: ಸರಕಾರಿ ಕಾಗದ ಮಲಯಾಳದಲ್ಲಿ, ಖಾಸಗಿ ಕರಾರು ಇಂಗ್ಲಿಷಿನಲ್ಲಿ, ಸಹಿ ಮಾತ್ರ ಕನ್ನಡದಲ್ಲಿ.

ಹನ್ನೆರಡನೇ ಪುಟದಲ್ಲಿ ಎರಡು ಷರತ್ತು ಒಂದರ ಕೆಳಗೊಂದು ಇದ್ದವು. ಕನ್ನಡದಲ್ಲಿ ಹೇಳುವುದಾದರೆ ಹೀಗೆ. ಒಂದು: ಈ ಕರಾರಿನಿಂದ ಹುಟ್ಟುವ ಯಾವುದೇ ವಿವಾದವನ್ನು ಮಾಲೀಕರು ನೇಮಿಸುವ ಒಬ್ಬ ಆರ್ಬಿಟ್ರೇಟರ್ ತೀರ್ಮಾನಿಸಬೇಕು, ಆರ್ಬಿಟ್ರೇಶನ್‌ನ ಸೀಟ್ ಬೆಂಗಳೂರು. ಎರಡು: ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ. ಗೆಳೆಯನ ಆಫೀಸು ಬೆಂಗಳೂರಿನಲ್ಲೇ ಇದ್ದದ್ದರಿಂದ ಅಲ್ಲಿ ಅದು ಸರಿಯಾಗಿತ್ತು. ಹೆಸರು, ಮೊತ್ತ ಬದಲಾಯಿತು. ಊರಿನ ಹೆಸರು ಹಾಗೇ ಉಳಿಯಿತು.

ಮೊದಲ ಸುತ್ತು: ಅಂಗಡಿ ಬಿಡಿಸುವುದು

ಮೂರು ವರ್ಷ ಮುಗಿದ ತಿಂಗಳಿಗೇ ನೋಟಿಸ್ ಬಂತು. ಊರಿಗೆ ಮರಳಿ ಅದೇ ಜಾಗದಲ್ಲಿ ತನ್ನದೇ ವ್ಯಾಪಾರ ಶುರು ಮಾಡಬೇಕು, ಆದ್ದರಿಂದ ಖಾಲಿ ಮಾಡಿ ಅಂತ. ಬೆನ್ನಿಗೇ ಆಡಿಟರ್ ಪತ್ರ. ಅದರ ಜತೆ ಅರ್ಧ ಪುಟದ ಇನ್ನೊಂದು ಹಾಳೆ ಪಿನ್ ಮಾಡಿತ್ತು: "ಈ ನೇಮಕಕ್ಕೆ ನನ್ನ ಆಕ್ಷೇಪವಿಲ್ಲ." ಕೆಳಗೆ ಸಹಿಗೆ ಒಂದು ಗೆರೆ. ನಮ್ಮವರು ಆ ಗೆರೆಯ ಮೇಲೆ ದಿನಾಂಕ ಬರೆದು, ಸಹಿ ಹಾಕುವ ಮೊದಲು ಯಾಕೋ ಅನುಮಾನ ಬಂದು ನನ್ನಲ್ಲಿಗೆ ಬಂದಿದ್ದರು.

"ಎಂತ ಮಾರಾಯ್ರೇ, ಇದಕ್ಕೆ ಸೈನ್ ಹಾಕ್ಲಿಕ್ಕೆ ಹೊರಟದ್ದಾ?"

"ಬರುವುದಿಲ್ಲ ಅಂತ ಹೇಳಿದ್ರೆ ಕೇಸಾಗ್ತದೆ ಅಂತ ಹೆದರಿಕೆ ಆಯ್ತು ಸರ್."

ಆ ಅರ್ಧ ಪುಟ ಯಾಕೆ ಮುಖ್ಯ ಅಂದರೆ, ವಿವಾದದಲ್ಲಿ ಹಿತಾಸಕ್ತಿ ಇರುವ ಒಂದು ಪಕ್ಷ ತಾನೊಬ್ಬನೇ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿತ್ತು. ಕರಾರಿನಲ್ಲಿ ಬರೆದಿದ್ದರೂ ಅಷ್ಟೇ. ಆದರೆ ವಿವಾದ ಹುಟ್ಟಿದ ಮೇಲೆ ಎರಡೂ ಕಡೆಯವರು ಬರಹದಲ್ಲಿ ಸ್ಪಷ್ಟವಾಗಿ ಒಪ್ಪಿದರೆ ಈ ಆಕ್ಷೇಪ ಬಿದ್ದುಹೋಗುತ್ತದೆ. ಆ ಹಾಳೆ ಕೇಳುತ್ತಿದ್ದದ್ದು ಅದನ್ನೇ.

ಆದರೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಇತ್ತು. ಅಂಗಡಿ ಇದ್ದದ್ದು ಕಾಸರಗೋಡು ನಗರಸಭೆಯ ಒಳಗೆ. ಅಲ್ಲಿ 1965ರ ಕೇರಳ ಕಟ್ಟಡ (ಗೇಣಿ ಮತ್ತು ಬಾಡಿಗೆ ನಿಯಂತ್ರಣ) ಕಾಯ್ದೆ ನಡೆಯುತ್ತದೆ. ಅದರ 11ನೇ ಸೆಕ್ಷನ್ ಪ್ರಕಾರ, ಯಾವ ಕಾನೂನಿನಲ್ಲಿ ಅಥವಾ ಕರಾರಿನಲ್ಲಿ ಏನೇ ಬರೆದಿದ್ದರೂ ಬಾಡಿಗೆದಾರನನ್ನು ಈ ಕಾಯ್ದೆಯ ದಾರಿಯಲ್ಲಿ ಮಾತ್ರ ಬಿಡಿಸಬಹುದು. ದಾರಿ ಅಂದರೆ ರೆಂಟ್ ಕಂಟ್ರೋಲ್ ಕೋರ್ಟಿಗೆ ಅರ್ಜಿ. ಬಿಡಿಸಲು ಕಾರಣಗಳೂ ಅಲ್ಲಿ ಪಟ್ಟಿಯಾಗಿವೆ. "ಅವಧಿ ಮುಗಿಯಿತು" ಅನ್ನುವುದು ಆ ಪಟ್ಟಿಯಲ್ಲೇ ಇಲ್ಲ. "ನನ್ನ ಸ್ವಂತ ಬಳಕೆಗೆ ನಿಜವಾಗಿ ಬೇಕು" ಅನ್ನುವುದು ಇದೆ. ಅದಕ್ಕೂ ಒಂದು ತಡೆ ಉಂಟು: ಬಾಡಿಗೆದಾರನ ಹೊಟ್ಟೆಪಾಡು ಮುಖ್ಯವಾಗಿ ಆ ಅಂಗಡಿಯ ವ್ಯಾಪಾರದಿಂದಲೇ ನಡೆಯುತ್ತಿದ್ದು, ಆಸುಪಾಸಿನಲ್ಲಿ ಬೇರೆ ಸರಿಯಾದ ಕಟ್ಟಡ ಸಿಗದಿದ್ದರೆ ಕೋರ್ಟು ಬಿಡಿಸುವ ಆದೇಶ ಕೊಡುವುದಿಲ್ಲ. ಎರಡನ್ನೂ ತೋರಿಸಿಕೊಡಬೇಕಾದವನು ಬಾಡಿಗೆದಾರ.

ಕಾನೂನು ಹೀಗೆ ಒಂದು ವಿಶೇಷ ರಕ್ಷಣೆ ಕೊಟ್ಟು, ಅದನ್ನು ನೋಡಲು ಒಂದು ವಿಶೇಷ ಕೋರ್ಟನ್ನು ಗೊತ್ತು ಮಾಡಿದ್ದರೆ, ಆ ವಿವಾದ ಆರ್ಬಿಟ್ರೇಟರ್ ಬಳಿ ಹೋಗುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1981ರಲ್ಲಿ ನಟರಾಜ್ ಸ್ಟುಡಿಯೋಸ್ ಪ್ರಕರಣದಲ್ಲಿ ಹೇಳಿತ್ತು. 2020ರ ಡಿಸೆಂಬರ್ 14ರಂದು ವಿದ್ಯಾ ಡ್ರೋಲಿಯಾ ತೀರ್ಪಿನಲ್ಲಿ ಮತ್ತೆ ಹೇಳಿತು. ನಾವು ಆಡಿಟರಿಗೆ ಒಂದೂವರೆ ಪುಟದ ಉತ್ತರ ಕಳಿಸಿದೆವು: ವಿಷಯ ನಿಮ್ಮ ಬಳಿ ಬರುವಂಥದ್ದಲ್ಲ, ನಿಮ್ಮ ನೇಮಕಕ್ಕೂ ನಮ್ಮ ಒಪ್ಪಿಗೆ ಇಲ್ಲ. ಇಂಥ ಪತ್ರಕ್ಕೆ ಸುಮ್ನೆ ಕೂತರೆ ಆಗುವುದಿಲ್ಲ. ಒಂದು ಕಡೆಯವರು ಇಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಬರೆದರೆ, ಆಮೇಲೆ ಅದನ್ನು ರದ್ದು ಮಾಡಿಸಲು ನೀವೇ ಬೆಂಗಳೂರಿನ ಕೋರ್ಟಿಗೆ ಓಡಬೇಕಾಗುತ್ತದೆ. ನಮ್ಮ ಅದೃಷ್ಟ, ಆಡಿಟರ್ ತಿಳಿದವರು. ಮೂರು ವಾರಕ್ಕೆ "ನಾನು ಹಿಂದೆ ಸರಿಯುತ್ತೇನೆ" ಅಂತ ಎರಡು ಸಾಲು ಬರೆದರು.

ಮಾಲೀಕ ಕೊನೆಗೆ ವಿದ್ಯಾನಗರಕ್ಕೇ ಬಂದು ರೆಂಟ್ ಕಂಟ್ರೋಲ್ ಕೋರ್ಟಿನಲ್ಲಿ ಅರ್ಜಿ ಹಾಕಿದ. ಬೆಂಗಳೂರಿನ ಕೆಲಸದಿಂದ ರಜೆ ಹಾಕಿ, ರಾತ್ರಿಯ ಕಣ್ಣೂರು ರೈಲು ಹಿಡಿದು, ಬೆಳಗ್ಗೆ ಇಲ್ಲಿ ಇಳಿದು ಸಾಕ್ಷಿ ಹೇಳಬೇಕಾದವನು ಅವನೇ ಆದ.

ತಲಪಾಡಿ ಗಡಿಯ ಆಚೆ ಆಗಿದ್ದರೆ

ಇದೇ ಅಂಗಡಿ ಐವತ್ತು ಕಿಲೋಮೀಟರ್ ಉತ್ತರಕ್ಕೆ, ಮಂಗಳೂರಿನಲ್ಲಿ ಇದ್ದಿದ್ದರೆ ಕತೆ ಬೇರೆ ಆಗುತ್ತಿತ್ತು.

ಕರ್ನಾಟಕದ 1999ರ ಬಾಡಿಗೆ ಕಾಯ್ದೆಯ ಕೈ ಬಹಳ ಗಿಡ್ಡ. ವ್ಯಾಪಾರದ ಜಾಗವಾದರೆ 14 ಚದರ ಮೀಟರಿಗಿಂತ ದೊಡ್ಡದು ಅದರ ಹೊರಗೆ. ಬಾಡಿಗೆಗೂ ಮಿತಿ ಇದೆ. ದೊಡ್ಡ ಊರುಗಳ ಪಟ್ಟಿಯಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ದಾಟಿದರೆ ಕಾಯ್ದೆ ಅನ್ವಯಿಸುವುದಿಲ್ಲ. 18,000 ಬಾಡಿಗೆಯ ಅಂಗಡಿಗೆ ಅದರ ರಕ್ಷಣೆ ಇಲ್ಲ. ಅಂಥ ಬಾಡಿಗೆ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತದೆ. ವಿದ್ಯಾ ಡ್ರೋಲಿಯಾ ತೀರ್ಪಿನ ಇನ್ನೊಂದು ಮುಖ ಇದೇ: ವಿಶೇಷ ಬಾಡಿಗೆ ಕಾನೂನು ಇಲ್ಲದ ಕಡೆ ಅಂಗಡಿ ಬಿಡಿಸುವ ವಿವಾದವೂ ಆರ್ಬಿಟ್ರೇಶನ್‌ಗೆ ಹೋಗಬಹುದು. ಅದಕ್ಕೂ ಮೊದಲು, 2017ರ ಒಂದು ತೀರ್ಪಿನ ಪ್ರಕಾರ ಅದೂ ಹೋಗುವಂತಿರಲಿಲ್ಲ. ಆ ತೀರ್ಪು ಇಲ್ಲಿಗೆ ಮುಗಿಯಿತು.

ಹಾಗಾಗಿ ಅದೇ ಹನ್ನೆರಡನೇ ಪುಟ ತಲಪಾಡಿಯ ಆಚೆ ಪೂರ್ತಿ ಜೀವ ಹಿಡಿಯುತ್ತದೆ, ಈಚೆ ಅರ್ಧ ಜೀವ. ಗಡಿಯ ಎರಡೂ ಕಡೆ ಅಂಗಡಿ ಇಟ್ಟವರು ಇಲ್ಲಿ ಬಹಳ ಜನ. ಒಂದೇ ಕರಾರನ್ನು ಎರಡೂ ಕಡೆಗೆ ಬಳಸುವುದೂ ಸಾಮಾನ್ಯ. ಇನ್ನೊಂದು ಮಾತು: ಕೇರಳದ ಕಾಯ್ದೆಯೂ ರಾಜ್ಯದ ಎಲ್ಲ ಮೂಲೆಗೂ ಬರುವುದಿಲ್ಲ. ಅನ್ವಯವಾಗುತ್ತದೆ ಎಂದು ಗೊತ್ತು ಮಾಡಿದ ಪ್ರದೇಶಗಳಿಗೆ ಮಾತ್ರ. ಹಳ್ಳಿ ಕಡೆಯ ಗೋಡೌನಿಗೆ ಕರಾರು ಬರೆಯುವಾಗ ನಾನು ಮೊದಲು ನೋಡುವುದು ಅದನ್ನೇ.

ಎರಡು ಷರತ್ತು, ಎರಡು ಬಲ

ಆರ್ಬಿಟ್ರೇಶನ್ ಷರತ್ತು ಮತ್ತು "ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ" ಅನ್ನುವ ಷರತ್ತು ನೋಡಲಿಕ್ಕೆ ಅಣ್ಣ ತಮ್ಮ. ಕೆಲಸ ಒಂದೇ ಅಲ್ಲ.

ಕೋರ್ಟಿನ ಷರತ್ತಿಗೆ ಒಂದು ಗಡಿ ಇದೆ. ಕಾನೂನಿನ ಪ್ರಕಾರ ಎರಡು ಊರಿನ ಕೋರ್ಟಿಗೆ ಅಧಿಕಾರ ಇದ್ದರೆ ಅದರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅಧಿಕಾರವೇ ಇಲ್ಲದ ಕೋರ್ಟಿಗೆ ಇಬ್ಬರು ಸೇರಿ ಅಧಿಕಾರ ಕೊಡಲಿಕ್ಕೆ ಆಗುವುದಿಲ್ಲ. ಇದು 1971ರ ಹಕಂ ಸಿಂಗ್ ಪ್ರಕರಣದಿಂದ ಬಂದ ನಿಯಮ. "ಮಾತ್ರ" ಅನ್ನುವ ಪದ ಬರೆಯದಿದ್ದರೂ ಆಯ್ಕೆ ಸ್ಪಷ್ಟವಾಗಿದ್ದರೆ ಸಾಕು ಎಂದು 2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ಹೇಳಿದರು. ಸ್ಥಿರಾಸ್ತಿಯ ಸ್ವಾಧೀನ ಕೇಳುವ ದಾವೆಯಾದರೆ ಆಸ್ತಿ ಇರುವ ಊರಿನ ಕೋರ್ಟಿಗೇ ಹೋಗಬೇಕು. ಕಾಸರಗೋಡಿನ ಅಂಗಡಿಯ ಬೀಗದ ಕೈ ಕೊಡಿಸಿ ಅಂತ ಬೆಂಗಳೂರಿನ ಕೋರ್ಟನ್ನು ಕೇಳಲಾಗುವುದಿಲ್ಲ. ಹಣದ ದಾವೆ ಹಾಗಲ್ಲ. ಪ್ರತಿವಾದಿ ವಾಸ ಇರುವ ಊರಿನಲ್ಲೂ ಹಾಕಬಹುದು, ವ್ಯವಹಾರ ನಡೆದ ಊರಿನಲ್ಲೂ ಹಾಕಬಹುದು. ನಮ್ಮ ಮಾಲೀಕ ಇದ್ದದ್ದು ಬೆಂಗಳೂರಿನಲ್ಲಿ, ಸಹಿ ಮತ್ತು ಅಂಗಡಿ ಕಾಸರಗೋಡಿನಲ್ಲಿ. ಡೆಪಾಸಿಟ್ ವಾಪಸ್ ಕೇಳುವ ದಾವೆಗೆ ಎರಡೂ ಊರು ಸರಿ. ಅಂದಮೇಲೆ "ಬೆಂಗಳೂರು ಮಾತ್ರ" ಅನ್ನುವ ಆಯ್ಕೆಯೂ ಸರಿ.

ಆರ್ಬಿಟ್ರೇಶನ್‌ನ ಸೀಟ್‌ಗೆ ಈ ಗಡಿಯೂ ಇಲ್ಲ. ಬೆಂಗಳೂರಿನಲ್ಲಿ ಏನೂ ನಡೆಯದೇ ಇದ್ದರೂ, ಇಬ್ಬರೂ ಅಲ್ಲಿ ವಾಸ ಇಲ್ಲದಿದ್ದರೂ, ಸೀಟ್ ಬೆಂಗಳೂರು ಅಂತ ಬರೆದರೆ ಆರ್ಬಿಟ್ರೇಟರ್ ನೇಮಕ, ತೀರ್ಪು ರದ್ದು ಕೋರುವ ಅರ್ಜಿ ಎಲ್ಲವೂ ಅಲ್ಲಿನ ಕೋರ್ಟುಗಳಿಗೇ ಸೇರುತ್ತದೆ. 2017ರ ಇಂಡಸ್ ಮೊಬೈಲ್ ತೀರ್ಪು ಹೇಳಿದ್ದು ಇದನ್ನು. ವಿಚಾರಣೆಗೆ ಎಲ್ಲಿ ಕೂರುತ್ತಾರೆ ಅನ್ನುವುದು ಬೇರೆ ವಿಷಯ, ಅದು ಕಾಸರಗೋಡಿನ ಹೋಟೆಲಿನಲ್ಲೂ ಆಗಬಹುದು, ವಿಡಿಯೋದಲ್ಲೂ ಆಗಬಹುದು. ಸೀಟ್ ಅಂದರೆ ಕೂರುವ ಕುರ್ಚಿಯಲ್ಲ, ಯಾವ ಊರಿನ ಕೋರ್ಟು ಮೇಲುಸ್ತುವಾರಿ ನೋಡುತ್ತದೆ ಅನ್ನುವ ತೀರ್ಮಾನ.

ಎರಡನೇ ಸುತ್ತು: ಡೆಪಾಸಿಟ್

ರೆಂಟ್ ಕಂಟ್ರೋಲ್ ಕೋರ್ಟಿನಲ್ಲಿ ಒಂದೂವರೆ ವರ್ಷ ಕಳೆದ ಮೇಲೆ ರಾಜಿ ಆಯಿತು. ನಮ್ಮವರಿಗೆ ಹತ್ತಿರದಲ್ಲೇ ಇನ್ನೊಂದು ಕೋಣೆ ಸಿಕ್ಕಿತ್ತು. 2023ರಲ್ಲಿ ಖಾಲಿ ಮಾಡುವುದು ಅಂತ ಬರೆದೆವು. ರಾಜಿಪತ್ರದಲ್ಲಿ ಡೆಪಾಸಿಟ್ ಬಗ್ಗೆ ಇದ್ದದ್ದು ಒಂದೇ ಸಾಲು: "ಕರಾರಿನಂತೆ ಹಿಂದಿರುಗಿಸತಕ್ಕದ್ದು." ಆ ಸಾಲು ಬರೆದದ್ದು ನಾನೇ. ಈಗ ನೆನೆದರೂ ಕೈ ಹಿಸುಕಿಕೊಳ್ಳುತ್ತೇನೆ. ಬೀಗದ ಕೈ ಕೊಡುವ ದಿನವೇ 3 ಲಕ್ಷ ಕೊಡಬೇಕು ಅಂತ ಬರೆದಿದ್ದರೆ ಮುಗಿಯುತ್ತಿತ್ತು. "ಕರಾರಿನಂತೆ" ಅಂದಕೂಡಲೇ ಹನ್ನೆರಡನೇ ಪುಟವನ್ನು ನಾನೇ ಕೈಹಿಡಿದು ಕರೆದ ಹಾಗಾಯಿತು.

ಬೀಗದ ಕೈ ಕೊಟ್ಟು ಒಂದು ತಿಂಗಳಿಗೆ ಮಾಲೀಕ 1,60,000 ಕಳಿಸಿದ. ಉಳಿದ 1,40,000 ಪೈಂಟಿಂಗ್, ಒಡೆದ ಟೈಲ್ಸ್, ಸುಟ್ಟ ವಯರಿಂಗ್ ಅಂತ ಹಿಡಿದಿಟ್ಟ. ಟೈಲ್ಸ್ ಒಡೆದದ್ದು ನಿಜ, ಗ್ರೈಂಡರ್ ಕಲ್ಲು ಬಿದ್ದು ಎರಡು ಟೈಲ್ ಹೋಗಿತ್ತು. ವಯರಿಂಗ್ ಹಿರಿಯರ ಕಾಲದ್ದು. ನಾವು ಕಾಸರಗೋಡಿನ ಮುನ್ಸಿಫ್ ಕೋರ್ಟಿನಲ್ಲಿ ಹಣದ ದಾವೆ ಹಾಕಿದೆವು.

ಈ ಸಲ ಎದುರು ವಕೀಲರು ತಯಾರಾಗಿ ಬಂದಿದ್ದರು. ಹಾಜರಾದ ಮೊದಲ ದಿನವೇ, ದಾವೆಗೆ ಉತ್ತರ ಹಾಕುವ ಮೊದಲೇ, ಆರ್ಬಿಟ್ರೇಶನ್ ಕಾಯ್ದೆಯ 8ನೇ ಸೆಕ್ಷನ್ ಕೆಳಗೆ ಅರ್ಜಿ: ಕರಾರಿನಲ್ಲಿ ಆರ್ಬಿಟ್ರೇಶನ್ ಇದೆ, ಅಲ್ಲಿಗೆ ಕಳಿಸಿ. ಸಮಯದ ಮಹತ್ವ ಇಲ್ಲಿದೆ. ವಿವಾದದ ತಿರುಳಿನ ಬಗ್ಗೆ ಮೊದಲ ಉತ್ತರ ಕೊಟ್ಟುಬಿಟ್ಟ ಮೇಲೆ ಈ ಅರ್ಜಿ ಹಾಕಲಿಕ್ಕಾಗುವುದಿಲ್ಲ. ಅವರು ಮರೆತು ಉತ್ತರ ಹಾಕಿದ್ದರೆ ಕೇಸು ಇಲ್ಲೇ ನಡೆಯುತ್ತಿತ್ತು. ಎಷ್ಟೋ ಕೇಸು ಹಾಗೇ ಇಲ್ಲಿ ಉಳಿದಿವೆ.

ನಾನು ಮೂರು ವಾದ ಹೂಡಿದೆ. ಮೊದಲ ಸುತ್ತಿನಲ್ಲಿ ಇದೇ ಷರತ್ತು ನಡೆಯದು ಎಂದು ಅವರೇ ಒಪ್ಪಿದ ಹಾಗೆ ಇಲ್ಲಿಗೆ ಬಂದರಲ್ಲ ಅಂದೆ. ಅದಕ್ಕೆ ಉತ್ತರ: ಅದು ಬಿಡಿಸುವ ವಿಷಯ, ರೆಂಟ್ ಕಂಟ್ರೋಲ್ ಕೋರ್ಟಿಗೇ ಮೀಸಲು. ಡೆಪಾಸಿಟ್ ವಾಪಸ್ ಕೊಡಿಸುವುದು ಆ ಕೋರ್ಟಿನ ಕೆಲಸವಲ್ಲ, ಅದು ಬರೀ ಕರಾರಿನ ಹಣ. ಮೇಲಿನ ಕೋರ್ಟಿನಲ್ಲಿ ಇನ್ನೂ ವಾದಿಸಲು ಜಾಗ ಇದೆ ಅಂತ ನನಗೆ ಅನಿಸುತ್ತದೆ, ಆದರೆ 1,40,000ಕ್ಕಾಗಿ ಅಲ್ಲ. ಎರಡನೆಯದು, ಮಾಲೀಕನೇ ನೇಮಿಸುವ ಷರತ್ತು ಕಾನೂನಿಗೆ ವಿರುದ್ಧ ಅಂದೆ. ನೇಮಿಸುವ ರೀತಿ ಮಾತ್ರ ಬೀಳುತ್ತದೆ, ಆರ್ಬಿಟ್ರೇಶನ್‌ಗೆ ಒಪ್ಪಿದ್ದು ಉಳಿಯುತ್ತದೆ, ನೇಮಕವನ್ನು ಹೈಕೋರ್ಟ್ ಮಾಡುತ್ತದೆ ಅಂದರು. ಮೂರನೆಯದು ನನ್ನ ಕೊನೆಯ ಅಸ್ತ್ರ: ಕರಾರು ರಿಜಿಸ್ಟ್ರಿ ಆಗಿಲ್ಲ, ಕೇರಳದ ಕಟ್ಟಡಕ್ಕೆ ಕರ್ನಾಟಕದ ಸ್ಟಾಂಪು. ರಿಜಿಸ್ಟ್ರಿ ಇಲ್ಲದ ಗೇಣಿಪತ್ರದಲ್ಲೂ ಆರ್ಬಿಟ್ರೇಶನ್ ಷರತ್ತು ಪ್ರತ್ಯೇಕವಾಗಿ ನಿಲ್ಲುತ್ತದೆ ಎಂದು 2011ರಲ್ಲೇ ತೀರ್ಪಾಗಿದೆ. ಸ್ಟಾಂಪಿನ ಕೊರತೆಯಿಂದ ಆ ಷರತ್ತು ಸಾಯುವುದಿಲ್ಲ, ಅದು ಸರಿಪಡಿಸಬಹುದಾದ ದೋಷ ಎಂದು 2023ರ ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳ ಪೀಠ ಹೇಳಿಬಿಟ್ಟಿತ್ತು. ಅವರ ಅರ್ಜಿ ವಾದಕ್ಕೆ ಬಂದದ್ದು ಅದರ ಕೆಲವೇ ವಾರಗಳ ನಂತರ.

ಕೋರ್ಟು ನಮ್ಮನ್ನು ಆರ್ಬಿಟ್ರೇಶನ್‌ಗೆ ಕಳಿಸಿತು. ಸೀಟ್ ಬೆಂಗಳೂರು. ಆರ್ಬಿಟ್ರೇಟರ್ ಬೇಕೆಂದರೆ ಎರ್ನಾಕುಳಂನ ಹೈಕೋರ್ಟ್ ಅಲ್ಲ, ಕರ್ನಾಟಕ ಹೈಕೋರ್ಟಿಗೆ ಅರ್ಜಿ.

ಲಕೋಟೆಯ ಹಿಂದಿನ ಲೆಕ್ಕ

ಅವತ್ತು ಸಂಜೆ ಅವರ ಹೊಸ ಅಂಗಡಿಯಲ್ಲಿ ಕೂತು, ಒಂದು ಹಳೆ ಲಕೋಟೆಯ ಹಿಂದೆ ಲೆಕ್ಕ ಬರೆದೆ. ಆರ್ಬಿಟ್ರೇಶನ್ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಒಂದು ಮಾದರಿ ಫೀಸು ಇದೆ. 5 ಲಕ್ಷದವರೆಗಿನ ವಿವಾದಕ್ಕೆ 45,000 ರೂಪಾಯಿ. ಒಬ್ಬರೇ ಆರ್ಬಿಟ್ರೇಟರ್ ಆದರೆ ಅದರ ಮೇಲೆ ಶೇ. 25 ಜಾಸ್ತಿ, ಅಂದರೆ 56,250. ಎರಡೂ ಕಡೆ ಹಂಚಿಕೊಂಡರೆ ತಲಾ 28,125. ಇದು ಕೇವಲ ಆರ್ಬಿಟ್ರೇಟರ್ ಫೀಸು. ಹೈಕೋರ್ಟಿನ ಅರ್ಜಿ, ಅಲ್ಲಿನ ವಕೀಲರು, ಓಡಾಟ, ಅಂಗಡಿ ಮುಚ್ಚಿದ ದಿನಗಳು ಬೇರೆ.

ಅವರು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗೆದ್ದರೂ ಅರ್ಧ ಕೈಯಲ್ಲಿ ಉಳಿಯುವುದಿಲ್ಲ ಅಲ್ವಾ ಸರ್?"

"ಅವರಿಗೂ ಇದೇ ಲೆಕ್ಕ" ಅಂದೆ. ಮಾಲೀಕನೂ 28,125 ಕಟ್ಟಬೇಕು, ಎರಡು ಟೈಲ್ಸ್ ಮತ್ತು ಹಳೆ ವಯರಿಂಗ್ ಬಗ್ಗೆ ಸಾಕ್ಷಿ ತರಬೇಕು. ನಾವು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಆರ್ಬಿಟ್ರೇಶನ್ ಶುರು ಮಾಡುವ ನೋಟಿಸ್ ಕಳಿಸಿದೆವು. ಇದು ಬರೀ ಒತ್ತಡಕ್ಕೆ ಅಲ್ಲ. ಹಣ ಕೇಳಲು ಮೂರು ವರ್ಷದ ಗಡುವು ಇದೆ, ಆ ನೋಟಿಸ್ ಎದುರು ಕಡೆ ತಲುಪಿದ ದಿನ ಆರ್ಬಿಟ್ರೇಶನ್ ಶುರುವಾದಂತೆ ಲೆಕ್ಕ. ಜತೆಗೆ ಎದುರು ವಕೀಲರಿಗೆ ಫೋನ್ ಮಾಡಿ ಲಕೋಟೆಯ ಲೆಕ್ಕವನ್ನೇ ಓದಿ ಹೇಳಿದೆ. ನಾಲ್ಕು ವಾರ, ಆರು ಫೋನ್. 1,05,000ಕ್ಕೆ ಮುಗಿಯಿತು. ಬಿಟ್ಟುಕೊಟ್ಟ 35,000ದಲ್ಲಿ ಟೈಲ್ಸ್‌ಗೆ ನ್ಯಾಯವಾಗಿ ಹೋಗಬೇಕಾದದ್ದು ನಾಲ್ಕೈದು ಸಾವಿರ. ಉಳಿದದ್ದು ಬೆಂಗಳೂರು ಅನ್ನುವ ಒಂದು ಪದಕ್ಕೆ ತೆತ್ತ ಬೆಲೆ.

ಹೊಸ ಕರಾರು

ಮಾಲೀಕನ ವ್ಯಾಪಾರದ ಯೋಜನೆ ಮುಂದಕ್ಕೆ ಹೋಗಲಿಲ್ಲ, ಅದು ಬೇರೆ ಕತೆ. ಕೆಲವು ತಿಂಗಳಾದ ಮೇಲೆ ಅವನೇ ನನಗೆ ಫೋನ್ ಮಾಡಿದ. ಹೊಸ ಬಾಡಿಗೆದಾರ ಬಂದಿದ್ದಾರೆ, ಕರಾರು ನೋಡಿಕೊಡಿ ಅಂತ. ಎದುರು ಪಕ್ಷದಲ್ಲಿದ್ದವನಿಗೆ ಬರೆಯುವುದು ಸರಿಯೋ ಅಂತ ಸ್ವಲ್ಪ ಯೋಚಿಸಿದೆ. ಹಳೆಯ ಕೇಸು ಮುಗಿದಿತ್ತು, ಹಳೆಯ ಕಕ್ಷಿದಾರರನ್ನೂ ಕೇಳಿದೆ. "ಬರೆದು ಕೊಡಿ ಸರ್, ಮುಂದಿನವನಿಗಾದರೂ ಒಳ್ಳೇದಾಗ್ಲಿ" ಅಂದರು.

ಆರ್ಬಿಟ್ರೇಶನ್ ಷರತ್ತನ್ನು ಪೂರ್ತಿ ತೆಗೆದೆ. ತಿಂಗಳಿಗೆ ಲಕ್ಷಗಟ್ಟಲೆ ಬಾಡಿಗೆಯ ಶೋರೂಮಿಗೆ ಅದು ಸರಿ, ಬೇಗ ಮುಗಿಯುತ್ತದೆ. 20,000 ಬಾಡಿಗೆಯ ಕೋಣೆಗೆ ಅದರ ಫೀಸೇ ಡೆಪಾಸಿಟ್ ತಿನ್ನುತ್ತದೆ. ಅದರ ಬದಲು ಎರಡು ವಾಕ್ಯ ಬರೆದೆ, ಕನ್ನಡದಲ್ಲೇ: "ಕಟ್ಟಡ ಬಿಡಿಸುವ ವಿಷಯವು ಕಾನೂನು ಗೊತ್ತುಪಡಿಸಿದ ನ್ಯಾಯಾಲಯದಲ್ಲೇ ನಡೆಯತಕ್ಕದ್ದು. ಬಾಡಿಗೆ ಬಾಕಿ, ಡೆಪಾಸಿಟ್ ಮತ್ತು ಹಾನಿಯ ಹಣದ ವಿವಾದಗಳಿಗೆ ಕಾಸರಗೋಡಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ." ಅದರ ಕೆಳಗೆ ಇನ್ನೊಂದು: ಬೀಗದ ಕೈ ಕೊಡುವ ದಿನವೇ ಡೆಪಾಸಿಟ್ ಕೊಡಬೇಕು, ಹಾನಿ ಇದ್ದರೆ ಅದೇ ದಿನ ಇಬ್ಬರೂ ನಿಂತು ಪಟ್ಟಿ ಮಾಡಿ ಸಹಿ ಹಾಕಬೇಕು. ಅಂಗಡಿ ವಹಿಸಿಕೊಡುವಾಗ ತೆಗೆದ ಹನ್ನೆರಡು ಫೋಟೋ ಕರಾರಿನ ಹಿಂದೆ ಸೇರಿಸಿದೆವು. ಹಳೆ ವಯರಿಂಗ್‌ನದ್ದೂ ಒಂದು.

ಮಾಲೀಕ ಒಂದೇ ಪ್ರಶ್ನೆ ಕೇಳಿದ: "ನಾನು ಇರುವುದು ಬೆಂಗಳೂರಿನಲ್ಲಿ ಅಲ್ವಾ ಸರ್, ಏನಾದರೂ ಆದರೆ ಪ್ರತಿ ಸಲ ನಾನೇ ಊರಿಗೆ ಬರಬೇಕಾ?"

"ಬಾಡಿಗೆ ಊರಿಂದ ಬರ್ತದಲ್ಲ" ಅಂದೆ. ಹೊಸ ಬಾಡಿಗೆದಾರ ನಕ್ಕ. ಇಬ್ಬರೂ ಪ್ರತಿ ಪುಟಕ್ಕೆ ಸಹಿ ಹಾಕಿದರು. ಈ ಸಲ ನಾಲ್ಕೇ ಪುಟ ಇತ್ತು.